ಮೂರು ಸೆಕೆಂಡಿನ ಹೆಸರು

ಉಚ್ಚಂಗಿದುರ್ಗದ ಬೆಟ್ಟದ ಬುಡದಲ್ಲಿ ಒಂದು, ಹರಪನಹಳ್ಳಿ ಬಸ್ ನಿಲ್ದಾಣದ ಹತ್ತಿರ ಒಂದು, ಕೂಡ್ಲಿಗಿಯ ಹೆದ್ದಾರಿ ಬದಿಯಲ್ಲಿ ಎರಡು, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿ ಒಂದೊಂದು. ಹೀಗೆ ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರಗಳನ್ನು ಇಟ್ಟು ಎಲ್ಲಕ್ಕೂ ಸೇರಿಸಿ ಒಂದೇ ಹೆಸರು ಕೊಡುವ ಕೆಲಸ ಯಾರಿಗಾದರೂ ಬಂತು ಎಂದಿಟ್ಟುಕೊಳ್ಳೋಣ. ಅದು ಸಹಕಾರ ಸಂಘ ಇರಬಹುದು, ಪೆಟ್ರೋಲ್ ಬಂಕ್ ಮಾಲೀಕರು ಸೇರಿ ಕಟ್ಟಿಕೊಂಡ ಕಂಪನಿ ಇರಬಹುದು. ಸಭೆಯಲ್ಲಿ ಮೊದಲು ಏಳುವ ಹೆಸರುಗಳನ್ನು ಊಹಿಸುವುದು ಕಷ್ಟವಲ್ಲ: ಉಚ್ಚಂಗಿ ಚಾರ್ಜಿಂಗ್, ವಿಜಯನಗರ ಇವಿ, ದುರ್ಗ ಪವರ್, ಶಕ್ತಿ, ಜ್ಯೋತಿ. ಎಲ್ಲವೂ ಊರಿನ ಮೇಲಿನ ಅಭಿಮಾನದಿಂದ, ಒಳ್ಳೆಯ ಮನಸ್ಸಿನಿಂದ ಹುಟ್ಟುವ ಹೆಸರುಗಳೇ. ಆದರೂ ಇವುಗಳಲ್ಲಿ ಒಂದನ್ನೂ ಇಡಬಾರದು ಎಂಬುದು ನನ್ನ ವಾದ. ಬ್ಯಾಟರಿ ಹದಿನೈದು ಪರ್ಸೆಂಟಿಗೆ ಇಳಿದಾಗ ಊರಿನ ಪರಿಚಯವಿಲ್ಲದವನು ಮ್ಯಾಪಿನಲ್ಲಿ ಹುಡುಕುವುದು, ರಸ್ತೆ ಬದಿಯ ಫಲಕದಲ್ಲಿ ಕಣ್ಣಾಡಿಸುವುದು ಈ ಹೆಸರನ್ನೇ. ಆ ಹೊತ್ತಿಗೆ ಅವನ ಕೈಹಿಡಿಯದ ಹೆಸರು ಬೇರೆ ಎಷ್ಟೇ ಚೆನ್ನಾಗಿದ್ದರೂ ಉಪಯೋಗಕ್ಕೆ ಬಾರದು.

ಮೊದಲು ಫಲಕದ ವಿಚಾರ. ಕೂಡ್ಲಿಗಿಯ ಮೂಲಕ ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 50. ವಿಜಯಪುರ, ಹೊಸಪೇಟೆ ಕಡೆಯಿಂದ ಚಿತ್ರದುರ್ಗಕ್ಕೆ ಇಳಿದು ಬೆಂಗಳೂರಿನ ದಾರಿ ಹಿಡಿಯುವ ವಾಹನಗಳೆಲ್ಲ ಇಲ್ಲಿಂದಲೇ ಹೋಗುತ್ತವೆ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ರಸ್ತೆ ಫಲಕ ಮಾಡುವವರಲ್ಲಿ ಒಂದು ಸ್ಥೂಲ ಲೆಕ್ಕವಿದೆ: 25 ಮಿಲಿಮೀಟರ್ ಎತ್ತರದ ಅಕ್ಷರ ಹತ್ತು ಮೀಟರ್ ದೂರದಿಂದ ಓದಲು ಬರುತ್ತದೆ. ಹಾಗಾದರೆ 300 ಮಿಲಿಮೀಟರ್ ಅಕ್ಷರ 120 ಮೀಟರ್ ದೂರದಿಂದ ಕಾಣಬೇಕು. ಅಂದರೆ ಐದೂವರೆ ಸೆಕೆಂಡು. ಇದರಲ್ಲೂ ಪೂರ್ತಿ ಸಮಯ ಕೈಗೆ ಸಿಗುವುದಿಲ್ಲ. ಫಲಕದ ತೀರಾ ಹತ್ತಿರ ಬಂದಾಗ ಅದು ಕಣ್ಣಿನ ಅಂಚಿಗೆ ಸರಿದುಬಿಡುತ್ತದೆ. ಮುಂದಿನ ಲಾರಿಯ ಮೇಲೂ ಒಂದು ಕಣ್ಣಿಡಬೇಕು. ಓದಲು ಉಳಿಯುವುದು ಮೂರು, ಹೆಚ್ಚೆಂದರೆ ನಾಲ್ಕು ಸೆಕೆಂಡು.

ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ದೊಡ್ಡಕ್ಷರಗಳನ್ನು ಇಟ್ಟುಕೊಂಡು. ಕನ್ನಡಕ್ಕೆ ಅದನ್ನು ಹಾಗೇ ತಂದರೆ ಮೋಸ ಹೋಗುತ್ತೇವೆ. ನಮ್ಮ ಸಾಲಿನಲ್ಲಿ ಅಕ್ಷರದ ಮೈ ಒಂದು, ಅದರ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಪೇಂಟರ್‌ಗೆ 300 ಮಿಲಿಮೀಟರ್ ಪಟ್ಟಿ ಕೊಟ್ಟು ‘ಕೊಟ್ಟೂರು’ ಎಂದು ಬರೆಯಲು ಹೇಳಿ ನೋಡಿ. ಟಕಾರದ ಒತ್ತು ಕೆಳಗೆ ಇಳಿಯಬೇಕಾದ್ದರಿಂದ ಅಕ್ಷರದ ಮೈಗೆ ಪಟ್ಟಿಯ ಅರ್ಧಕ್ಕಿಂತ ತುಸು ಹೆಚ್ಚು ಜಾಗವಷ್ಟೇ ಉಳಿಯುತ್ತದೆ. ಅಕ್ಷರದ ಮೈ 160 ಮಿಲಿಮೀಟರ್ ಆದರೆ ಓದುವ ದೂರ 64 ಮೀಟರಿಗೆ ಇಳಿಯಿತು, ಸಮಯ ಮೂರು ಸೆಕೆಂಡಿಗೆ ಬಂತು. ಒತ್ತಂತೂ ಇನ್ನೂ ಸಣ್ಣದು. ರಾತ್ರಿ ಹೆಡ್‌ಲೈಟ್ ಬೆಳಕಿನಲ್ಲಿ ಫಲಕದ ಹೊಳಪು ಅಕ್ಷರದ ಅಂಚನ್ನು ನುಂಗುತ್ತದೆ, ಆಗ ಮೊದಲು ಕಲಸಿಹೋಗುವುದೇ ಈ ಒತ್ತು.

ಈಗ ನಮ್ಮ ಊರುಗಳ ಹೆಸರುಗಳನ್ನೇ ನೋಡೋಣ. ಕೂಡ್ಲಿಗಿಯಲ್ಲಿ ಲಕಾರದ ಒತ್ತಿದೆ. ಕೊಟ್ಟೂರಿನಲ್ಲಿ ಟಕಾರದ್ದು. ಹರಪನಹಳ್ಳಿಯಲ್ಲಿ ಒಂದು ಒತ್ತು, ಹಗರಿಬೊಮ್ಮನಹಳ್ಳಿಯಲ್ಲಿ ಎರಡು. ಉಚ್ಚಂಗಿದುರ್ಗದಲ್ಲಿ ಚಕಾರದ ಒತ್ತು, ಅದರ ಜೊತೆಗೆ ಅರ್ಕಾವತ್ತು. ಒತ್ತಿಲ್ಲದೆ ಬಯಲಿಗೆ ನಿಲ್ಲುವುದು ಹಡಗಲಿ ಒಂದೇ. ಊರಿನ ಹೆಸರುಗಳನ್ನು ನಾವು ಬದಲಿಸಲಾರೆವು, ಬದಲಿಸಲೂ ಬಾರದು. ಫಲಕದ ಮೇಲೆ ಓದಲು ಭಾರವಾದ ಕೆಲಸವನ್ನೆಲ್ಲ ಅವು ಆಗಲೇ ತೆಗೆದುಕೊಂಡಿವೆ. ಅದರ ಪಕ್ಕದಲ್ಲಿ ನಿಲ್ಲುವ ಜಾಲದ ಹೆಸರು ಆದಷ್ಟು ಹಗುರವಾಗಿರಬೇಕು: ಎರಡು ಮೂರು ಅಕ್ಷರ, ಒತ್ತು ಬೇಡ, ದೀರ್ಘ ಕಡಿಮೆ. ‘ಚಾರ್ಜಿಂಗ್ ಸ್ಟೇಷನ್’ ಎಂಬ ಪದಗಳನ್ನು ಹೆಸರಿಗೆ ಅಂಟಿಸುವ ಅಗತ್ಯವೂ ಇಲ್ಲ. ಹೆದ್ದಾರಿಯ ಸೌಲಭ್ಯ ಫಲಕಗಳು ನೀಲಿ ಹಿನ್ನೆಲೆಯಲ್ಲಿ ಬಿಳಿ ಚೌಕ, ಅದರೊಳಗೆ ಚಿತ್ರ ಇಟ್ಟುಕೊಂಡು ಆಸ್ಪತ್ರೆ, ಪೆಟ್ರೋಲ್ ಬಂಕುಗಳನ್ನು ತೋರಿಸುತ್ತವೆ. ಪ್ಲಗ್ ಚುಚ್ಚಿದ ವಾಹನದ ಚಿತ್ರ ಅದೇ ಕೆಲಸವನ್ನು ಯಾವ ಭಾಷೆಯವರಿಗೂ ಮಾಡಿಕೊಡುತ್ತದೆ. ಚಿತ್ರ ಹೇಳಿದ್ದನ್ನೇ ಮತ್ತೆ ಅಕ್ಷರದಲ್ಲಿ ಹೇಳಿಸಿದರೆ ಇರುವ ಮೂರು ಸೆಕೆಂಡಿನಲ್ಲಿ ಎರಡನ್ನು ಕಳೆದಂತೆ.

ಮ್ಯಾಪಿನ ತೊಂದರೆ ಬೇರೆ ಬಗೆಯದು. ಫೋನಿನ ಪರದೆಯಲ್ಲಿ ಹುಡುಕಿದ ಹೆಸರುಗಳ ಪಟ್ಟಿ ಬಂದಾಗ ಒಂದು ಸಾಲಿಗೆ ಹಿಡಿಸದ್ದನ್ನು ಕತ್ತರಿಸಿ ಚುಕ್ಕಿ ಇಡುತ್ತಾರೆ. ಕಾರಿನ ಪರದೆಯಲ್ಲಿ ಸಾಲು ಇನ್ನೂ ಚಿಕ್ಕದಿರಬಹುದು. ನಮ್ಮ ಐದು ತಾಲ್ಲೂಕುಗಳಲ್ಲಿ ಮೂರು ಹಕಾರದಿಂದ ಶುರುವಾಗುತ್ತವೆ: ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಉಳಿದೆರಡು ಕಕಾರದವು. ‘ವಿಜಯನಗರ ಎಲೆಕ್ಟ್ರಿಕ್ ವೆಹಿಕಲ್ ಚಾರ್ಜಿಂಗ್ ಸ್ಟೇಷನ್, ಹರಪನಹಳ್ಳಿ’ ಎಂದು ಹೆಸರಿಟ್ಟರೆ ಪರದೆಯಲ್ಲಿ ಉಳಿಯುವುದು ‘ವಿಜಯನಗರ ಎಲೆಕ್ಟ್ರಿಕ್ ವೆಹಿ…’. ಅದೃಷ್ಟ ಇದ್ದು ಇನ್ನೂ ಸ್ವಲ್ಪ ಜಾಗ ಸಿಕ್ಕಿದರೂ ಕೊನೆಯಲ್ಲಿ ಕಾಣುವುದು ‘ಹ…’ ಮಾತ್ರ. ಯಾವ ‘ಹ’ ಎಂದು ಬಳಸುವವನಿಗೆ ತಿಳಿಯದು. ಒಂದೊಂದನ್ನೇ ಒತ್ತಿ ನೋಡಬೇಕು. ಹೆಸರು ಚಿಕ್ಕದಿದ್ದರೆ ಅದನ್ನು ಮೊದಲು ಇಟ್ಟರೂ ಊರಿಗೆ ಜಾಗ ಉಳಿಯುತ್ತದೆ.

ಜಿಲ್ಲೆಯ ಹೆಸರಂತೂ ಇನ್ನೊಂದು ಕಾರಣಕ್ಕೆ ಬೇಡ. ಹರಪನಹಳ್ಳಿಯವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಬಳ್ಳಾರಿಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರದ್ದಾಯಿತು. ಜಿಲ್ಲೆಯ ಹೆಸರನ್ನು ಬೋರ್ಡಿಗೆ ಹಾಕಿದ್ದವರು ಅಷ್ಟು ಸಲವೂ ಬೋರ್ಡು ಬದಲಿಸಬೇಕಿತ್ತು. ಮೇಲಾಗಿ ‘ವಿಜಯನಗರ’ ಎಂದು ಹುಡುಕಿದವನಿಗೆ ಮ್ಯಾಪು ಬೆಂಗಳೂರಿನ ಬಡಾವಣೆಯನ್ನೂ ಮೈಸೂರಿನ ಬಡಾವಣೆಯನ್ನೂ ಮುಂದೆ ಹಿಡಿಯುತ್ತದೆ. ‘ದುರ್ಗ’ ಎಂದರೆ ಈ ಸೀಮೆಯ ಅರ್ಧ ಜನಕ್ಕೆ ಚಿತ್ರದುರ್ಗ. ‘ಉಚ್ಚಂಗಿ’ ಎಂದರೆ ಸಕಲೇಶಪುರ ತಾಲ್ಲೂಕಿನಲ್ಲೂ ಒಂದು ಊರಿದೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ಇದೇ ಊರನ್ನು `Uchchangidurga`, `Uchangidurga`, `Uchangi Durga`, `Uchchangi Durg` ಎಂದು ತಮತಮಗೆ ತೋಚಿದಂತೆ ಬರೆಯುತ್ತಾರೆ. ಒಂದು ಊರಿಗೆ ಇಷ್ಟು ಕಾಗುಣಿತ ಇರುವುದು ಸಹಜ. ಜಾಲದ ಹೆಸರಿಗೆ ಹಾಗಾದರೆ ಅದನ್ನು ಹುಡುಕಿ ಹಿಡಿಯುವುದು ಯಾರಿಗೂ ಸುಲಭವಲ್ಲ.

ಉಚ್ಚಂಗೆಮ್ಮನ ಹೆಸರಿಡೋಣ ಎಂಬ ಮಾತು ಬಂದೇ ಬರುತ್ತದೆ. ಭರತ ಹುಣ್ಣಿಮೆಗೆ ಬೆಟ್ಟ ಹತ್ತುವ ಜನಸಾಗರವನ್ನು ಕಂಡವರಿಗೆ ಆ ಆಸೆ ಹುಟ್ಟುವುದು ತಪ್ಪಲ್ಲ. ಆದರೆ ದೇವಿಯ ಹೆಸರು ಎಲ್ಲರದೂ. ಹೂವಿನ ಅಂಗಡಿ, ಹೋಟೆಲ್, ಟ್ರಾವೆಲ್ಸ್, ಲಾರಿಯ ಹಣೆಪಟ್ಟಿ, ಎಲ್ಲ ಕಡೆಯೂ ಅದಿದೆ. ಮ್ಯಾಪಿನಲ್ಲಿ ಆ ಹೆಸರು ಒತ್ತಿದರೆ ಗುಡಿ ಬರಬೇಕು, ಚಾರ್ಜರ್ ಅಲ್ಲ. ಕಾನೂನೂ ಇದಕ್ಕೆ ಒಪ್ಪುವುದು ಕಷ್ಟ. ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ ಒಂಬತ್ತನೇ ಕಲಮು ಸರಕಿನ ಬಗೆಯನ್ನೋ ಅದು ಬಂದ ಜಾಗವನ್ನೋ ಹೇಳುವ ಪದಗಳಿಗೆ ಸುಲಭವಾಗಿ ಹಕ್ಕು ಕೊಡುವುದಿಲ್ಲ. ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಗುರುತುಗಳನ್ನೂ ತಡೆಯುತ್ತದೆ. ಅಗರಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ತನ್ನದಾಗಿಸಿಕೊಳ್ಳಲು ಹೊರಟ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಅಂಥ ಹೆಸರಿನ ಮೇಲೆ ಯಾರೊಬ್ಬರೂ ಹಕ್ಕು ಸಾಧಿಸಲಾಗದು ಎಂದಿತು. ಕಾನೂನಿನ ರಕ್ಷಣೆಯಿಲ್ಲದ ಹೆಸರಿನಲ್ಲಿ ನಾಳೆ ಪಕ್ಕದವನೂ ಒಂದು ಚಾರ್ಜರ್ ನೆಟ್ಟರೆ ತಡೆಯುವವರಿಲ್ಲ. ನಷ್ಟವಾಗುವುದು ದಾರಿ ಹುಡುಕುವವನಿಗೆ.

‘ಶಕ್ತಿ’, ‘ಜ್ಯೋತಿ’ಗಳನ್ನು ಏಕೆ ಬಿಡಬೇಕು ಎನ್ನುವುದಕ್ಕೆ ಕರ್ನಾಟಕದಲ್ಲೇ ಸಿಗುವ ಕಾರಣವಿದೆ. 2023ರ ಜೂನ್‌ನಿಂದ ಶಕ್ತಿ ಎಂದರೆ ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣ. ಗೃಹ ಜ್ಯೋತಿ ಎಂದರೆ ಮನೆಗೆ ಉಚಿತ ಕರೆಂಟು. ಈ ಹೆಸರಿನ ಚಾರ್ಜರ್ ಕಂಡವರು ಇಲ್ಲಿಯೂ ದುಡ್ಡಿಲ್ಲ ಎಂದುಕೊಳ್ಳುವುದು ನ್ಯಾಯವೇ ಆಗುತ್ತದೆ. ಇದೇ ಕಾರಣಕ್ಕೆ, ನನಗೆ ಬಹಳ ಇಷ್ಟವಿದ್ದೂ, ‘ಅರವಟಿಗೆ’ಯನ್ನು ಕೈಬಿಡುತ್ತೇನೆ. ದಾರಿಹೋಕರ ಬಾಯಾರಿಕೆ ತಣಿಸುವ ಜಾಗಕ್ಕೆ ಇದ್ದ ಹೆಸರು, ಒತ್ತಿಲ್ಲ, ಅರ್ಥ ತುಂಬಿದೆ. ಆದರೆ ಅರವಟಿಗೆಯಲ್ಲಿ ನೀರಿಗೆ ಯಾರೂ ಕಾಸು ಕೇಳಿದವರಲ್ಲ. ಯೂನಿಟ್ಟಿಗೆ ಇಷ್ಟು ರೂಪಾಯಿ ಎಂದು ಬಿಲ್ಲು ಕೊಡುವ ಯಂತ್ರಕ್ಕೆ ಆ ಹೆಸರಿಟ್ಟರೆ ಆ ಪದಕ್ಕೇ ಅನ್ಯಾಯ.

‘ಚಾರ್ಜ್’ ಎಂಬ ಪದದ ಸುತ್ತ ಹೆಸರು ಕಟ್ಟುವುದು ಈಗಿನ ರೂಢಿ. ದೇಶದ ಜಾಲಗಳನ್ನು ನೋಡಿದರೆ ಚಾರ್ಜ್ ಝೋನ್, ಚಾರ್ಜ್ ಗ್ರಿಡ್, ಈಝಿ ಚಾರ್ಜ್, ರೀಚಾರ್ಜ್ ಎಂದು ಒಂದರ ಹಿಂದೆ ಒಂದು. ಹೊಸಬನಿಗೆ ಯಾವುದರ ಆಪ್ ಯಾವುದಕ್ಕೆ ಎಂದು ನೆನಪಿಡುವುದೇ ಕಷ್ಟ. ಮಾಲೀಕರ ಹೆಸರು ಹಾಕುವುದರಲ್ಲೂ ಅಪಾಯವಿದೆ. ಬ್ರಿಟನ್ನಿನ ಬಿಪಿ ಚಾರ್ಜ್‌ಮಾಸ್ಟರ್ 2020ರಲ್ಲಿ ಬಿಪಿ ಪಲ್ಸ್ ಆಯಿತು. ಭಾರತದಲ್ಲಿ ಫೋರ್ಟಮ್ ಚಾರ್ಜ್ ಆ್ಯಂಡ್ ಡ್ರೈವ್ 2023ರಲ್ಲಿ `GLIDA` ಆಯಿತು. ಹೀಗೆ ಹೆಸರು ಬದಲಾದಾಗ ಕಂಪನಿ ತನ್ನ ಆಪನ್ನು ಒಂದು ದಿನದಲ್ಲಿ ಬದಲಿಸಬಹುದು. ಯಾರೋ ಮ್ಯಾಪಿಗೆ ಸೇರಿಸಿದ ಹಳೆಯ ಗುರುತುಗಳು ಮಾತ್ರ ಯಾರಾದರೂ ತಿದ್ದುವವರೆಗೆ ಉಳಿದುಕೊಳ್ಳುತ್ತವೆ. ವಾಹನ ಕಂಪನಿಯ ಹೆಸರಿದ್ದರೆ ಬೇರೆ ಕಂಪನಿಯ ಸ್ಕೂಟರಿನವನು ಇದು ತನಗಲ್ಲ ಎಂದು ಮುಂದೆ ಹೋಗುತ್ತಾನೆ, ಗನ್ ಹೊಂದಿಕೊಳ್ಳುವಂತಿದ್ದರೂ.

ಹಾಗಾದರೆ ಹೆಸರು ಎಲ್ಲಿಂದ ತರಬೇಕು? ಈ ಸೀಮೆಯ ಮಾತಿನಿಂದಲೇ, ಆದರೆ ಊರು ದೇವರುಗಳಿಂದಲ್ಲ. ಇಲ್ಲಿ ಒಂದು ಪರೀಕ್ಷೆಯನ್ನು ನಾನು ಮುಖ್ಯವೆಂದುಕೊಳ್ಳುತ್ತೇನೆ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗ ಕೆಲವು ಜೋಡಿಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ: ದ ಮತ್ತು ಡ, ತ ಮತ್ತು ಟ, ಲ ಮತ್ತು ಳ, ನ ಮತ್ತು ಣ, ಹ್ರಸ್ವ ಮತ್ತು ದೀರ್ಘ. ‘ಬಂಡಿ’ಯನ್ನು ನೋಡಿ. ಗಾಡಿಗೆ ಈ ಕಡೆಯ ಸ್ವಂತ ಪದ. ಜಾತ್ರೆಗೆ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದ ಊರುಗಳಿವು. ಆದರೆ `Bandi` ಎಂದು ಬರೆದ ಕ್ಷಣ ಅದು ‘ಬಂದಿ’ಯೂ ಆಗಿಬಿಟ್ಟಿತು, ಅಂದರೆ ಸೆರೆಯಾಳು. ‘ಗಾಲಿ’ ಎಂದಿಟ್ಟರೆ `Gali` ಗಾಳಿಯೂ ಹೌದು, ಹಿಂದಿಯ ಓಣಿಯೂ ಹೌದು. ‘ಕಸುವು’ ಬಹಳ ಗಟ್ಟಿಯಾದ ಹೆಸರು, ಬ್ಯಾಟರಿಗೆ ಹೇಳಿಮಾಡಿಸಿದಂತಿದೆ. ಆದರೆ `Kasuvu` ಎಂದು ಹುಡುಕಿದವನಿಗೆ ಕೇರಳದ ಕಸವು ಸೀರೆಯಂಗಡಿಗಳು ಬರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಒಂದಕ್ಷರದ ವ್ಯತ್ಯಾಸವನ್ನು ಹುಡುಕುವ ಯಂತ್ರಗಳು ಟೈಪಿಂಗ್ ತಪ್ಪೆಂದು ತಿದ್ದುತ್ತವೆ. ‘ಹಗರಿ’ ಎಂಬ ನದಿಯ ಹೆಸರಿದೆ, ಮೂರೇ ಅಕ್ಷರ, ಒತ್ತಿಲ್ಲ. ಆದರೆ `Hagari` ಎಂದು ಟೈಪ್ ಮಾಡುವಷ್ಟರಲ್ಲೇ ಮ್ಯಾಪು ಹಗರಿಬೊಮ್ಮನಹಳ್ಳಿಯನ್ನು ಮುಂದಿಡುತ್ತದೆ.

‘ಹುರುಪು’ ಎಂಬುದರ ಮುಂದೆ ನಾನು ಬಹಳ ಹೊತ್ತು ನಿಂತೆ. ಒತ್ತಿಲ್ಲ, ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯಬಹುದು, ಚೈತನ್ಯದ ಅರ್ಥವಿದೆ. ತೊಂದರೆ ಗೊತ್ತಾದದ್ದು ಊರಿನ ಜೊತೆ ಸೇರಿಸಿ ಜೋರಾಗಿ ಹೇಳಿದಾಗ: ‘ಹುರುಪು ಹರಪನಹಳ್ಳಿ’. ಫೋನಿನಲ್ಲಿ ಗಲಾಟೆಯ ನಡುವೆ ಹೇಳಿದರೆ ಎರಡೂ ಒಂದೇ ಆಗಿ ಕೇಳುತ್ತವೆ. ಗಾಡಿ ಓಡಿಸುವವರಲ್ಲಿ ಈಗ ಟೈಪ್ ಮಾಡದೆ ಬಾಯಲ್ಲಿ ಹೇಳಿ ಹುಡುಕುವವರೂ ಇದ್ದಾರೆ. ಹೆಲ್ಪ್‌ಲೈನಿಗೆ ಕರೆ ಮಾಡಿ ‘ಎರಡನೇ ಗನ್ ಲಾಕ್ ಆಗಿ ಕೂತಿದೆ’ ಎನ್ನುವವನು ಮೊದಲು ಹೇಳಬೇಕಾದ್ದೂ ಈ ಹೆಸರನ್ನೇ. ಆದ್ದರಿಂದ ಯಾವ ಹೆಸರನ್ನೇ ಆಗಲಿ ಐದೂ ತಾಲ್ಲೂಕಿನ ಹೆಸರಿನ ಜೊತೆ ಹೇಳಿ ಕೇಳಬೇಕು. ‘ಕಿಡಿ’, ‘ಬಿರುಸು’ಗಳು ಇಷ್ಟರಲ್ಲಿ ಪಾಸಾಗುತ್ತವೆ, ಆದರೆ ಬೆಂಕಿ ನೆನಪಿಗೆ ತರುವ ಹೆಸರನ್ನು ವಿದ್ಯುತ್ ಯಂತ್ರಕ್ಕೆ ನಾನು ಇಡಲಾರೆ.

ನನ್ನ ಆಯ್ಕೆ ‘ಮಿನುಗು’. ಮೂರು ಅಕ್ಷರ, ಒತ್ತಿಲ್ಲ, ದೀರ್ಘವಿಲ್ಲ. ಇಂಗ್ಲಿಷಿನಲ್ಲಿ `Minugu` ಎಂದಲ್ಲದೆ ಬೇರೆ ರೀತಿ ಬರೆಯಲು ಯಾರಿಗೂ ತೋಚುವುದಿಲ್ಲ. ನಕಾರದ ಬದಲು ಣಕಾರ ಓದಿದರೂ ‘ಮಿಣುಗು’ ಅದೇ ಅರ್ಥದ ಪದವೇ. ಉಚಿತ ಎನ್ನುವುದಿಲ್ಲ, ವೇಗದ ಭರವಸೆ ಕೊಡುವುದಿಲ್ಲ. ಇದು ಮುಖ್ಯ, ಏಕೆಂದರೆ ಇಂದಿನ ಫಾಸ್ಟ್ ಚಾರ್ಜರ್ ಇನ್ನು ಐದು ವರ್ಷಕ್ಕೆ ನಿಧಾನದ್ದೆನಿಸುತ್ತದೆ. ವೇಗವನ್ನು ಹೆಸರಿಗೆ ಕಟ್ಟಿದವರಿಗೆ ಆಗ ಉತ್ತರ ಇರುವುದಿಲ್ಲ. ಇದರ ದೌರ್ಬಲ್ಯವನ್ನೂ ಹೇಳಬೇಕು. ದೂರದಿಂದ ಮಕಾರ ವಕಾರದಂತೆ ಕಾಣುತ್ತದೆ, ಎರಡಕ್ಕೂ ಇರುವ ವ್ಯತ್ಯಾಸ ಬಲಗಡೆಯ ಕೊಂಬು ಮಾತ್ರ. ‘ವಿನುಗು’ ಎಂಬ ಪದ ಇಲ್ಲದ್ದರಿಂದ ಓದುವವನ ಮನಸ್ಸು ಸರಿಮಾಡಿಕೊಳ್ಳುತ್ತದೆ. ಆದರೂ ಬೋರ್ಡಿನ ಅಕ್ಷರ ವಿನ್ಯಾಸದಲ್ಲಿ ಆ ಕೊಂಬನ್ನು ದಪ್ಪವಾಗಿ, ಬಿಡಿಸಿ ಬರೆಸಬೇಕು. ಇಡುವ ಮುಂಚೆ ಟ್ರೇಡ್‌ಮಾರ್ಕ್ ದಾಖಲೆಗಳಲ್ಲಿ ಚಾರ್ಜಿಂಗ್ ಯಂತ್ರದ 9ನೇ ವರ್ಗವನ್ನೂ ಚಾರ್ಜಿಂಗ್ ಸೇವೆಯ 37ನೇ ವರ್ಗವನ್ನೂ ಹುಡುಕಿ, ಇದನ್ನು ಬೇರೆಯವರು ಹಿಡಿದಿದ್ದಾರೆಯೇ ಎಂದು ನೋಡಬೇಕು. ಹಿಡಿದಿದ್ದರೆ ಇದನ್ನು ಬಿಟ್ಟು ಇದೇ ಪರೀಕ್ಷೆಗಳನ್ನು ದಾಟುವ ಇನ್ನೊಂದನ್ನು ಹುಡುಕುವುದೇ ಸರಿ.

ಜಾಲದ ಹೆಸರು ಹೀಗೆ ಹಗುರವಾದ ಮೇಲೆ ಜಾಗ ತೋರಿಸುವ ಭಾರವನ್ನು ಊರು ಮತ್ತು ಗುರುತು ಹೊರುತ್ತವೆ. ಗುರುತು ಇಡುವಾಗ ನಾಳೆ ಹೆಸರು ಬದಲಾಗುವ ಹೋಟೆಲನ್ನು ನೆಚ್ಚಬಾರದು. ಬಸ್ ನಿಲ್ದಾಣ, ಬೆಟ್ಟದ ಬುಡ, ಕೆರೆ ಏರಿ, ರೈಲು ನಿಲ್ದಾಣ, ಇಂಥವು ಉಳಿಯುತ್ತವೆ. ಕೂಡ್ಲಿಗಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿ ಹೆದ್ದಾರಿಯ ಎರಡೂ ಬದಿಯಲ್ಲಿ ಪ್ರತಿ 25 ಕಿ.ಮೀ.ಗೆ ಒಂದು ಚಾರ್ಜಿಂಗ್ ಕೇಂದ್ರ ಇರಬೇಕು ಎಂದಿತ್ತು. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಎದುರು ಬದುರಿನ ಎರಡು ಕೇಂದ್ರಗಳು ಮ್ಯಾಪಿನಲ್ಲಿ ಒಂದರ ಪಕ್ಕ ಒಂದು ಕಾಣುತ್ತವೆ. ಎರಡಕ್ಕೂ ‘ಕೂಡ್ಲಿಗಿ’ ಎಂದಷ್ಟೇ ಇಟ್ಟರೆ ಹೊಸಪೇಟೆಯಿಂದ ಬರುವವನು ತಪ್ಪು ಬದಿಯದನ್ನು ಆರಿಸಿ, ಮುಂದಿನ ತಿರುವಿನವರೆಗೂ ಹೋಗಿ ವಾಪಸ್ ಬರಬೇಕಾಗುತ್ತದೆ. ಇಳಿದಿರುವ ಬ್ಯಾಟರಿಯಲ್ಲಿ ಆ ಕಿಲೋಮೀಟರುಗಳು ಸಣ್ಣವಲ್ಲ. ಎಡ, ಬಲ ಎಂದರೂ ಪ್ರಯೋಜನವಿಲ್ಲ, ಬರುವ ದಿಕ್ಕಿನ ಮೇಲೆ ಅದು ಬದಲಾಗುತ್ತದೆ. ಹೋಗುವ ಊರನ್ನೇ ಹೇಳಬೇಕು: ‘ಮಿನುಗು ಕೂಡ್ಲಿಗಿ, ಚಿತ್ರದುರ್ಗ ಕಡೆಗೆ’ ಎಂದು ಒಂದು, ‘ಹೊಸಪೇಟೆ ಕಡೆಗೆ’ ಎಂದು ಇನ್ನೊಂದು.

ಇದನ್ನೆಲ್ಲ ಮ್ಯಾಪಿಗೆ ಸೇರಿಸುವಾಗ ಹೆಸರಿನ ಒಂದೇ ಪೆಟ್ಟಿಗೆಯೊಳಗೆ ತುರುಕಬಾರದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬ್ರಾಂಡಿಗೆ, ನಡೆಸುವವರಿಗೆ, ಬೇರೆ ಕಾಗುಣಿತಗಳಿಗೆ ಬೇರೆ ಬೇರೆ ಜಾಗವಿದೆ. ಉಚ್ಚಂಗಿದುರ್ಗದ ಕೇಂದ್ರವನ್ನು ನಾನಾದರೆ ಹೀಗೆ ದಾಖಲಿಸುತ್ತೇನೆ:

```
amenity=charging_station
name=ಮಿನುಗು ಉಚ್ಚಂಗಿದುರ್ಗ, ಬೆಟ್ಟದ ಬುಡ
name:kn=ಮಿನುಗು ಉಚ್ಚಂಗಿದುರ್ಗ, ಬೆಟ್ಟದ ಬುಡ
name:en=Minugu Uchchangidurga, Hill Foot
alt_name:en=Minugu Uchangi Durga;Minugu Uchangidurga;Minugu Uchchangi Durg
brand=ಮಿನುಗು
brand:en=Minugu
ref=UD-01
```

ನಡೆಸುವ ಸಂಸ್ಥೆಯ ಹೆಸರನ್ನು ಇದರ ಜೊತೆಗೆ `operator` ಎಂಬ ಬೇರೆ ಸಾಲಿನಲ್ಲಿ ಸೇರಿಸಬೇಕು; ಸಂಸ್ಥೆ ನಾಳೆ ಬದಲಾದರೆ ಆ ಸಾಲನ್ನು ಮಾತ್ರ ತಿದ್ದಿದರೆ ಸಾಕು, ಹೆಸರಿಗೆ ಕೈಹಚ್ಚಬೇಕಿಲ್ಲ. ಕಾಗುಣಿತ ತಪ್ಪಿ ಹುಡುಕಿದವನೂ `alt_name:en` ಸಾಲಿನ ಮೂಲಕ ಇಲ್ಲಿಗೇ ಬರುತ್ತಾನೆ. `ref` ಸಾಲಿನ ಗುರುತನ್ನು ಯಂತ್ರದ ಮೈಮೇಲೂ ಅಂಗೈ ಅಗಲದ ಅಕ್ಷರದಲ್ಲಿ ಬರೆಸಬೇಕು, ರಾತ್ರಿ ಹತ್ತಕ್ಕೆ ಕರೆ ಮಾಡುವವನು ಅದನ್ನು ಓದಿ ಹೇಳುವಂತೆ. ಗೂಗಲ್‌ನಲ್ಲಿ ನಮೂದಿಸುವಾಗಲೂ ಬೋರ್ಡಿನ ಮೇಲಿರುವುದನ್ನೇ ಹಾಕಬೇಕು. ಹುಡುಕಾಟದಲ್ಲಿ ಮೇಲೆ ಬರಲಿ ಎಂದು ‘ಬೆಸ್ಟ್ ಫಾಸ್ಟ್ ಚಾರ್ಜಿಂಗ್ ನಿಯರ್ ಹರಪನಹಳ್ಳಿ’ ಎಂದು ಹಿಗ್ಗಿಸುವುದು ಅವರ ನಿಯಮಕ್ಕೂ ವಿರುದ್ಧ, ಬೋರ್ಡನ್ನು ಹುಡುಕುವವನಿಗೂ ಗೊಂದಲ. ಬೋರ್ಡಿನಲ್ಲಿ ಅರವತ್ತು ಭಾಗ ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಮೇಲೆ ‘ಮಿನುಗು’ ದೊಡ್ಡದಾಗಿ, ಕೆಳಗೆ `Minugu` ಚಿಕ್ಕದಾಗಿ ಬಂದರೆ ಕಾನೂನೂ ಪಾಲನೆಯಾಯಿತು, ಎರಡು ಲಿಪಿಯಲ್ಲೂ ಅದೇ ಉಚ್ಚಾರ ಉಳಿಯಿತು.

ಕೊನೆಯ ತೀರ್ಮಾನವನ್ನು ಸಭೆಯ ಮೇಜಿನ ಮೇಲೆ ಮಾಡಬಾರದು. ಈ ಪರೀಕ್ಷೆಗಳನ್ನು ದಾಟಿ ಉಳಿಯುವ ಎರಡು ಮೂರು ಹೆಸರುಗಳನ್ನು ಅಸಲಿ ಅಳತೆಯಲ್ಲಿ ಫ್ಲೆಕ್ಸ್ ಮೇಲೆ ಮುದ್ರಿಸಿ, ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಗೆ ಹೋಗುವ ರಾಜ್ಯ ಹೆದ್ದಾರಿಯ ಬದಿಯಲ್ಲಿ ಒಂದು ಸಂಜೆ, ಒಂದು ರಾತ್ರಿ ನಿಲ್ಲಿಸಬೇಕು. ಆ ದಾರಿಯಲ್ಲಿ ದಿನಾ ಓಡಾಡುವ ಟ್ಯಾಕ್ಸಿ, ಆಟೋ ಚಾಲಕರನ್ನು ಕರೆದು, ದಾಟಿ ಹೋದ ಮೇಲೆ ಏನು ಓದಿದಿರಿ ಎಂದು ಕೇಳಬೇಕು. ಓದಿದ್ದನ್ನು ಅವರ ಫೋನಿನಲ್ಲೇ ಹೇಳಿಸಿ, ಮ್ಯಾಪು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ನೋಡಬೇಕು. ‘ಮಿನುಗು’ ಅಲ್ಲಿ ಸೋತರೆ ಅದನ್ನು ಬಿಟ್ಟುಕೊಡಲು ನಾನು ಸಿದ್ಧ.